ಮಾತಿನ ಕೊನೆಯವರೆಗೂ ಉಸಿರು



ಬಾದಾಮಿ ಸಮೀಪದ ಮಹಾಕೂಟಕ್ಕೆ ಶಾಲೆಯ ಮಕ್ಕಳು ಪ್ರವಾಸ ಬಂದಿದ್ದಾರೆ ಎಂದುಕೊಳ್ಳೋಣ. ಪುಷ್ಕರಣಿಯ ಮೆಟ್ಟಿಲ ಹತ್ತಿರ ನಿಂತು ಒಬ್ಬ ತರುಣ ಅವರಿಗೆ ಗುಡಿಗಳ ವಿಷಯ ಹೇಳಬೇಕು. ಅವನು ಬರೆದುಕೊಂಡು ಬಂದ ಮೊದಲ ವಾಕ್ಯ ಹೀಗಿದೆ: “ಒಂದನೆಯ ಕೀರ್ತಿವರ್ಮನ ತಮ್ಮನಾದ ಚಾಲುಕ್ಯ ದೊರೆ ಮಂಗಳೇಶ ಸುಮಾರು ಕ್ರಿ.ಶ. 600ರ ಹೊತ್ತಿಗೆ ಇಲ್ಲಿ ನಿಲ್ಲಿಸಿದ ಸಂಸ್ಕೃತ ಶಾಸನವುಳ್ಳ ಕಂಬ ಈಗ ಇಲ್ಲಿ ಇಲ್ಲ, ವಿಜಯಪುರದ ಮ್ಯೂಸಿಯಂನಲ್ಲಿದೆ.”

ವಾಕ್ಯದಲ್ಲಿ ತಪ್ಪಿಲ್ಲ, ಮಾಹಿತಿಯೂ ಸರಿಯಾಗಿದೆ. ಆದರೆ ಅವನು ಒಂದೇ ಉಸಿರಿಗೆ ಓದಿ ಮುಗಿಸಿದರೆ ಮಕ್ಕಳು ಆ ಕಂಬವನ್ನು ಅಲ್ಲೇ ಹುಡುಕುತ್ತಾರೆ. ಯಾಕೆಂದರೆ “ಇಲ್ಲ” ಎಂಬ ಮಾತು ಅವರ ಕಿವಿಗೆ ಬೀಳುವುದೇ ಇಲ್ಲ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ, ಆಯಿತೋ ಆಗಲಿಲ್ಲವೋ ಎಂಬುದೆಲ್ಲ ತೀರ್ಮಾನವಾಗುವುದು ಅಲ್ಲಿಯೇ. ಹೇಳುವವನ ಉಸಿರು ತೀರುವುದೂ, ದನಿ ಇಳಿಯುವುದೂ ಅಲ್ಲಿಯೇ. ಹೀಗಾಗಿ ಎಲ್ಲಕ್ಕಿಂತ ಮುಖ್ಯವಾದ ಪದ ಎಲ್ಲಕ್ಕಿಂತ ಸಣ್ಣ ದನಿಯಲ್ಲಿ ಹೊರಡುತ್ತದೆ. ವೇಗ, ನಿಲುಗಡೆ, ಒತ್ತು ಈ ಮೂರನ್ನೂ ಇವತ್ತು ಇದೊಂದು ತೊಂದರೆಯ ಕಡೆಯಿಂದ ನೋಡೋಣ.

ಮೊದಲು ನಿಲುಗಡೆ. ಸಾಲು ಉದ್ದವಿದ್ದರೆ ನಡುವೆ ಎಲ್ಲಾದರೂ ನಿಲ್ಲಲೇಬೇಕು, ಆದರೆ ಎಲ್ಲಿ ಬೇಕಾದರೂ ನಿಲ್ಲುವ ಹಾಗಿಲ್ಲ. “ಮಂಗಳೇಶ ಇಲ್ಲಿ ನಿಲ್ಲಿಸಿದ” ಎಂದು ಹೇಳಿ ಉಸಿರು ತೆಗೆದುಕೊಂಡರೆ ಕೇಳುವವರಿಗೆ ಅಲ್ಲಿಗೇ ವಾಕ್ಯ ಮುಗಿದಂತೆ ಕೇಳುತ್ತದೆ. ಏನನ್ನು ನಿಲ್ಲಿಸಿದ, ರಥವನ್ನೋ, ಸೈನ್ಯವನ್ನೋ? ಅವರು ಹಾಗೆ ಯೋಚಿಸುವಷ್ಟರಲ್ಲಿ “ಕಂಬ” ಎಂಬ ಪದ ಬೇರೆಯಾಗಿ ಬಂದು ಬೀಳುತ್ತದೆ. ನಿಲ್ಲಿಸಿದ, ಕಟ್ಟಿಸಿದ, ಬರೆಸಿದ ಎಂಬಂಥ ರೂಪಗಳು ನಮ್ಮಲ್ಲಿ ಎರಡು ಕೆಲಸ ಮಾಡುತ್ತವೆ. ವಾಕ್ಯವನ್ನು ಮುಗಿಸುವುದೂ ಅವೇ, ಮುಂದಿನ ಹೆಸರಿಗೆ ವಿಶೇಷಣವಾಗಿ ಅಂಟಿಕೊಳ್ಳುವುದೂ ಅವೇ. ಯಾವ ಕೆಲಸ ಎಂಬುದನ್ನು ಕೇಳುವವರು ನಮ್ಮ ನಿಲುಗಡೆಯಿಂದಲೇ ತಿಳಿಯಬೇಕು. ಆದ್ದರಿಂದ ವಿಶೇಷಣವನ್ನೂ ಅದರ ಹೆಸರನ್ನೂ ಕೂಡಿಸಿಯೇ ಹೇಳಿ, ಹೆಸರು ಬಂದ ಮೇಲೆ ನಿಲ್ಲಿ. “ಮಂಗಳೇಶ ನಿಲ್ಲಿಸಿದ ಕಂಬ” ಎಂದು ಒಮ್ಮೆಗೆ ಹೇಳಿ, ಸ್ವಲ್ಪ ನಿಂತು, “ಈಗ ಇಲ್ಲಿ ಇಲ್ಲ” ಎನ್ನಿ.

ಹೆಸರಿಗೆ ಮೊದಲು ಐದಾರು ವಿಶೇಷಣಗಳು ಸಾಲುಗಟ್ಟಿ ನಿಂತಿದ್ದರೆ ಯಾವ ನಿಲುಗಡೆಯೂ ಆ ವಾಕ್ಯವನ್ನು ಉಳಿಸಲಾರದು. ಅದು ಓದುವ ಕಣ್ಣಿಗೆ ಬರೆದ ವಾಕ್ಯ. ಕಿವಿಗೆ ಹೇಳುವಾಗ ಅದನ್ನು ಒಡೆಯಬೇಕು. ನಮ್ಮ ತರುಣ ಹೀಗೆ ಹೇಳಬಹುದು: “ಇಲ್ಲೊಂದು ಕಂಬ ಇತ್ತು. ಅದನ್ನು ನಿಲ್ಲಿಸಿದವನು ಚಾಲುಕ್ಯರ ದೊರೆ ಮಂಗಳೇಶ. ಸುಮಾರು 1400 ವರ್ಷಗಳ ಹಿಂದಿನ ಮಾತು. ಆ ಕಂಬ ಈಗ ಇಲ್ಲಿ ಇಲ್ಲ. ವಿಜಯಪುರದ ಮ್ಯೂಸಿಯಂನಲ್ಲಿ ಇದೆ.” ಕೊನೆಯಲ್ಲಿ ಮಾತ್ರ ಕ್ರಿಯಾಪದಗಳಿದ್ದ ಕಡೆ ಈಗ ಹಲವು ನಿಲ್ದಾಣಗಳಾದವು. ಪ್ರತಿ ನಿಲ್ದಾಣದಲ್ಲೂ ಉಸಿರು ಸಿಗುತ್ತದೆ. ಶಾಸನ ಸಂಸ್ಕೃತದಲ್ಲಿದೆ ಎಂಬುದನ್ನೂ, ಮಂಗಳೇಶ ಕೀರ್ತಿವರ್ಮನ ತಮ್ಮ ಎಂಬುದನ್ನೂ ಮಕ್ಕಳ ಮನಸ್ಸಿನಲ್ಲಿ ಕಂಬ ನಿಂತ ಮೇಲೆ ಹೇಳಿದರಾಯಿತು.

ಇದನ್ನು ಒಬ್ಬರೇ ಕೂತು ರೂಢಿಸಿಕೊಳ್ಳುವ ಬಗೆ ಹೀಗೆ. ನಿಮ್ಮ ಭಾಷಣದ ಒಂದು ಪ್ಯಾರಾ ಬರೆದುಕೊಳ್ಳಿ. ಅರ್ಥದ ತುಣುಕು ಮುಗಿದಲ್ಲಿ ಪೆನ್ಸಿಲಿನಿಂದ ಒಂದು ಗೀಟು, ವಾಕ್ಯ ಮುಗಿದಲ್ಲಿ ಎರಡು ಗೀಟು ಎಳೆಯಿರಿ. ಗಟ್ಟಿಯಾಗಿ ಓದುವಾಗ ಒಂದು ಗೀಟಿಗೆ ಮನಸ್ಸಿನಲ್ಲೇ “ಒಂದು” ಎಂದುಕೊಳ್ಳಿ, ಎರಡು ಗೀಟಿಗೆ “ಒಂದು, ಎರಡು” ಎಂದುಕೊಂಡು ಮೂಗಿನಿಂದ ಉಸಿರು ತೆಗೆದುಕೊಳ್ಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಹೇಳುವಾಗ ತೀರಾ ಉದ್ದವಾಯಿತು ಅನ್ನಿಸಿದ ನಿಲುಗಡೆ ಕೇಳುವಾಗ ಸಹಜವಾಗಿಯೇ ಇರುತ್ತದೆ. ಗೀಟಿನ ಜಾಗದಲ್ಲಿ “ಏನಂದ್ರ”, “ಮತ್ತ”, “ಅಂದರೆ” ಎಂಬ ಮಾತುಗಳು ನುಸುಳಿದ್ದರೆ ಅಲ್ಲಿ ನೀವು ನಿಂತಿಲ್ಲ ಎಂದರ್ಥ.

ಎರಡನೆಯದು ಒತ್ತು. ಒತ್ತು ಕೊಡಿ ಎಂದರೆ ಬಹಳ ಜನ ದನಿ ಏರಿಸುತ್ತಾರೆ. ಕೂಗಿದಾಗ ಗಂಟಲು ಬಿಗಿಯುತ್ತದೆ, ಸ್ವರ ತೀಕ್ಷ್ಣವಾಗುತ್ತದೆ, ಉಸಿರು ಬೇಗ ಖರ್ಚಾಗುತ್ತದೆ. ಅದರ ಬದಲು ಮುಖ್ಯ ಪದಕ್ಕೆ ಮೊದಲು ಒಂದು ಕ್ಷಣ ತಡೆದು, ಆ ಪದವನ್ನು ನಿಧಾನವಾಗಿ ಹೇಳಿ. ಕನ್ನಡದಲ್ಲಿ ಪದದ ಜಾಗವೂ ಒತ್ತು ಕೊಡುತ್ತದೆ. “ಮಂಗಳೇಶ ಈ ಕಂಬ ನಿಲ್ಲಿಸಿದ” ಎಂದರೆ ಕಿವಿ ಕಂಬದ ಕಡೆ ಹೋಗುತ್ತದೆ. “ಈ ಕಂಬ ನಿಲ್ಲಿಸಿದವನು ಮಂಗಳೇಶ” ಎಂದರೆ ದೊರೆಯ ಕಡೆ ಹೋಗುತ್ತದೆ.

ಇದಕ್ಕೆ ಅಭ್ಯಾಸ: ಒಂದೇ ಸಂಗತಿಗೆ ನೀವೇ ಪ್ರಶ್ನೆ ಕೇಳಿಕೊಂಡು ಉತ್ತರ ಕೊಡಿ. ಯಾರು ನಿಲ್ಲಿಸಿದರು? ಯಾವಾಗ? ಎಲ್ಲಿ? ಈಗ ಎಲ್ಲಿದೆ? ಪ್ರತಿ ಸಲವೂ ಪೂರ್ತಿ ವಾಕ್ಯದಲ್ಲಿ ಉತ್ತರಿಸಿ. ಕೇಳಿದ ಪ್ರಶ್ನೆಗೆ ಸರಿಯಾದ ಪದದ ಮೇಲೆ ಒತ್ತು ತಾನಾಗಿ ಬೀಳುತ್ತದೆ. ಆಮೇಲೆ ರೆಕಾರ್ಡಿಂಗ್ ಕೇಳಿ, ಪ್ರಶ್ನೆ ಯಾವುದಿತ್ತು ಎಂದು ಉತ್ತರದಿಂದಲೇ ಗುರುತಿಸಿ. ಗುರುತು ಸಿಗದಿದ್ದರೆ ಒತ್ತು ಹಂಚಿಹೋಗಿದೆ. ಒಂದು ವಾಕ್ಯಕ್ಕೆ ಒಂದೇ ಒತ್ತು ಸಾಕು.

ಆ ಕೊನೆಯ “ಇಲ್ಲ” ಉಳಿಯಲು ಇನ್ನೊಂದು ಅಭ್ಯಾಸವಿದೆ. ವಾಕ್ಯವನ್ನು ಹಿಂದಿನಿಂದ ಕಟ್ಟುತ್ತ ಬನ್ನಿ. “ಇಲ್ಲ.” “ಇಲ್ಲಿ ಇಲ್ಲ.” “ಈಗ ಇಲ್ಲಿ ಇಲ್ಲ.” “ಆ ಕಂಬ ಈಗ ಇಲ್ಲಿ ಇಲ್ಲ.” ಮೊದಲ ಸಲ ಒಂಟಿಯಾಗಿ ಹೇಳಿದಾಗ “ಇಲ್ಲ” ಎಷ್ಟು ಸ್ಪಷ್ಟವಿತ್ತೋ, ಕೊನೆಯ ಸಲವೂ ಅಷ್ಟೇ ಸ್ಪಷ್ಟವಿರಬೇಕು. ಸಣ್ಣದಾಗಿದ್ದರೆ ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಕಟ್ಟಿ.

ಇನ್ನು ವೇಗ. ನಿಮಿಷಕ್ಕೆ 120ರಿಂದ 150 ಪದ ಎಂದು ಇಂಗ್ಲಿಷ್ ಪುಸ್ತಕಗಳು ಹೇಳುತ್ತವೆ. ಆ ಲೆಕ್ಕ ನಮಗೆ ಹೊಂದುವುದಿಲ್ಲ. “ಪುಷ್ಕರಣಿಯೊಳಗಿರುವ” ಎಂಬುದು ನಮ್ಮಲ್ಲಿ ಒಂದೇ ಪದ. ವೇಗವನ್ನು ಜಾಗ ನೋಡಿ ತೀರ್ಮಾನಿಸಬೇಕು. ಕಲ್ಲಿನ ಮಂಟಪದೊಳಗೆ ಗೋಡೆಗಳು ದನಿಯನ್ನು ಮರಳಿಸುತ್ತವೆ. ಹಿಂದಿನ ಪದದ ಗುಂಗು ಆರುವ ಮೊದಲೇ ಮುಂದಿನದು ಬಂದರೆ ಎರಡೂ ಕಲಸಿಹೋಗುತ್ತವೆ. ಒಳಗೆ ಹೋದಾಗ ಒಮ್ಮೆ ಚಪ್ಪಾಳೆ ತಟ್ಟಿ, ಗುಂಗು ನಿಲ್ಲುವವರೆಗೆ ಕೇಳಿ. ಎರಡು ವಾಕ್ಯಗಳ ನಡುವೆ ಕನಿಷ್ಠ ಅಷ್ಟು ಹೊತ್ತು ಬಿಡಬೇಕು. ಪುಷ್ಕರಣಿಯ ಬಯಲಿನಲ್ಲಿ ಗುಂಗಿನ ಕಾಟವಿಲ್ಲ, ಆದರೆ ನೀರಿಗೆ ಧುಮುಕುವವರ ಸದ್ದಿದೆ. ಅಲ್ಲಿ ಮಕ್ಕಳನ್ನು ಹತ್ತಿರ ಕರೆದು, ಸದ್ದು ತಗ್ಗುವವರೆಗೆ ಕಾದು, ಆಮೇಲೆ ವಾಕ್ಯ ಶುರುಮಾಡಬೇಕು. ಸದ್ದಿನ ಮೇಲೆ ಮಾತಾಡಲು ಹೋದರೆ ಮೊದಲು ಕಳೆದುಹೋಗುವುದು ವಾಕ್ಯದ ಕೊನೆಯೇ.

ನಾಳೆ ನಿಮ್ಮ ಶಾಲೆಯಲ್ಲೋ, ಸಂಘದ ಸಭೆಯಲ್ಲೋ ಮಾತಾಡುವುದಿದ್ದರೆ ಇವತ್ತು ರಾತ್ರಿ ಒಂದು ಪ್ಯಾರಾ ರೆಕಾರ್ಡ್ ಮಾಡಿ. ಬೇರೇನೂ ನೋಡಬೇಡಿ, ಪ್ರತಿ ವಾಕ್ಯದ ಕೊನೆಯ ಪದ ಕಿವಿಗೆ ಬೀಳುತ್ತದೆಯೇ ಎಂಬುದನ್ನಷ್ಟೇ ಕೇಳಿ. ಬೀಳದ ವಾಕ್ಯವನ್ನು ಎರಡಾಗಿ ಒಡೆದು ಇನ್ನೊಮ್ಮೆ ಹೇಳಿ.