ದಾಸೋಹದ ಅಡುಗೆಮನೆ ಮತ್ತು ಕಣ್ಣಿಗೆ ಕಾಣದ ಸೋಂಕು

(ಮಠದ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ದಾಸೋಹದಲ್ಲಿ ಊಟ ಮಾಡಿದವರಿಗೆ ವಾಂತಿ ಭೇದಿಯಾಯಿತೆಂದರೆ ನಾವು ಮೊದಲು ಕೇಳುವುದು ಎರಡು ಪ್ರಶ್ನೆ: ಅಡುಗೆ ಚೆನ್ನಾಗಿ ಬೆಂದಿತ್ತೆ? ಹಳಸಿತ್ತೆ? ಈ ಎರಡಕ್ಕೂ ಸರಿಯಾದ ಉತ್ತರ ಬಂದರೂ ಜನ ಕಾಯಿಲೆ ಬೀಳಬಹುದು. ಅದಕ್ಕೆ ಕಾರಣವಾಗುವ ಎರಡು ವೈರಾಣುಗಳೆಂದರೆ ನೊರೊವೈರಸ್ ಮತ್ತು ಹೆಪಟೈಟಿಸ್ ಎ. ಮೊದಲನೆಯದು ವಾಂತಿ ಭೇದಿ ತರುತ್ತದೆ, ಎರಡನೆಯದು ಕಾಮಾಲೆ ತರುತ್ತದೆ. ಎರಡೂ ರೋಗಿಯ ಮಲದಲ್ಲಿ ಹೊರಬಿದ್ದು, ಸರಿಯಾಗಿ ತೊಳೆಯದ ಕೈಯ ಮೂಲಕ ಅನ್ನ ಸೇರುತ್ತವೆ. ನೊರೊವೈರಸ್ ವಾಂತಿಯಲ್ಲೂ ಇರುತ್ತದೆ.

ಒಂದು ಉದಾಹರಣೆ ಊಹಿಸಿಕೊಳ್ಳೋಣ. ಅಡುಗೆಯವರೊಬ್ಬರಿಗೆ ಶನಿವಾರ ವಾಂತಿ ಭೇದಿ. ಸೋಮವಾರ ಬೆಳಿಗ್ಗೆ ಪೂರ್ತಿ ನಿಂತಿದೆ, ಮೈ ಹಗುರಾಗಿದೆ, ಕೆಲಸಕ್ಕೆ ಬಂದಿದ್ದಾರೆ. ಆದರೆ ಗುಣವಾದ ಮೇಲೂ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಮಲದಲ್ಲಿ ವೈರಾಣು ಬೀಳುತ್ತಿರುತ್ತದೆ. ನೂರಕ್ಕೂ ಕಡಿಮೆ ಕಣ ಹೊಟ್ಟೆಗೆ ಹೋದರೂ ಸೋಂಕು ತಗಲಬಹುದು. ಅವರು ಶೌಚಕ್ಕೆ ಹೋಗಿ ಬಂದು ಕೈಗೆ ಬರೀ ನೀರು ಹಾಕಿಕೊಂಡು ಕೆಲಸಕ್ಕೆ ಕೂತರು ಎನ್ನಿ. ಕೊಪ್ಪರಿಗೆಯಲ್ಲಿ ಕುದಿಯುವ ಸಾರಿಗೆ ಅದರಿಂದ ಭಯವಿಲ್ಲ. ಅಪಾಯ ಇರುವುದು ಒಲೆಯಿಂದ ಇಳಿದ ಮೇಲೆ ಕೈ ತಾಗುವ ಪದಾರ್ಥಗಳಲ್ಲಿ: ಕೋಸಂಬರಿಗೆ ಹೆಚ್ಚಿದ ಸೌತೆಕಾಯಿ, ತುರಿದ ಕಾಯಿ, ಆರಿದ ಅನ್ನಕ್ಕೆ ಕೈಯಿಂದ ಕಲಸಿದ ಚಿತ್ರಾನ್ನ, ಮಜ್ಜಿಗೆ. ಇವು ಮತ್ತೆ ಬೆಂಕಿ ಕಾಣುವುದೇ ಇಲ್ಲ.

ಹಾಗಾದರೆ ಮತ್ತೆ ಬಿಸಿ ಮಾಡಿದರೆ ಸಾಕಲ್ಲವೇ ಎಂದು ಕೇಳಬಹುದು. ನಾವು ಬಿಸಿ ಎನ್ನುವುದು ಕೈಗೆ ತಾಗುವ ಬಿಸಿ. ನೊರೊವೈರಸ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೂ ಬದುಕುಳಿಯಬಲ್ಲದು. ಹೆಪಟೈಟಿಸ್ ಎ ನಿಷ್ಕ್ರಿಯವಾಗಬೇಕಾದರೆ ಪದಾರ್ಥ 85 ಡಿಗ್ರಿಯಲ್ಲಿ ಕನಿಷ್ಠ ಒಂದು ನಿಮಿಷ ಇರಬೇಕು. ಅದೂ ಪಾತ್ರೆಯ ಅಂಚಿನಲ್ಲಲ್ಲ, ನಡುಮಧ್ಯದಲ್ಲಿ. ದೊಡ್ಡ ಪಾತ್ರೆಯ ಅನ್ನ ತಳದಲ್ಲಿ ಸೀಯುತ್ತಿರುವಾಗ ನಡುವೆ ಉಗುರುಬೆಚ್ಚಗಿರುತ್ತದೆ. ಒಲೆ ಆರಿಸಿದ ಮೇಲೆ ಉದುರಿಸುವ ಕೊತ್ತಂಬರಿಗೂ ಈ ಲೆಕ್ಕ ಅನ್ವಯಿಸುತ್ತದೆ.

ಫ್ರಿಜ್ ಅಂತೂ ನೆರವಿಗೆ ಬರುವುದಿಲ್ಲ. ತಣ್ಣಗಿಟ್ಟರೆ ಬ್ಯಾಕ್ಟೀರಿಯ ಬೆಳೆಯುವುದು ನಿಧಾನವಾಗುತ್ತದೆ, ಹಾಗಾಗಿ ಅಡುಗೆ ಕೆಡುವುದಿಲ್ಲ. ಆದರೆ ಈ ವೈರಾಣುಗಳು ಆಹಾರದಲ್ಲಿ ಬೆಳೆಯುವುದೇ ಇಲ್ಲ. ಬಿದ್ದಷ್ಟು ಕಣಗಳೇ ಸಾಕು, ತಂಪು ಅವನ್ನು ಕಾಪಾಡಿ ಇಡುತ್ತದೆ. ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗುವುದಿಲ್ಲ. 2012ರಲ್ಲಿ ಜರ್ಮನಿಯ ಪೂರ್ವ ಭಾಗದ ಶಾಲೆ, ಶಿಶುವಿಹಾರಗಳಲ್ಲಿ ಸುಮಾರು 11,000 ಜನ, ಹೆಚ್ಚಿನವರು ಮಕ್ಕಳು, ನೊರೊವೈರಸ್‌ನಿಂದ ವಾಂತಿ ಭೇದಿಗೆ ಒಳಗಾದರು. ಕಾರಣ ಚೀನಾದಿಂದ ಹಿಮಗಟ್ಟಿಸಿ ತಂದಿದ್ದ ಸ್ಟ್ರಾಬೆರಿ ಹಣ್ಣು. ಮಂಜುಗಡ್ಡೆಯಾಗಿ ಕೂತರೂ ವೈರಾಣು ಸಾಯಲಿಲ್ಲ.

ಯಾವ ಸೋಂಕೆಂದು ಸುಳಿವು ಕೊಡುವುದು ಗಡಿಯಾರ. ಉಂಡ ಎರಡು ಮೂರು ಗಂಟೆಯಲ್ಲೇ ವಾಂತಿಯಾದರೆ ಸಾಮಾನ್ಯವಾಗಿ ಹಳಸಿದ ಅಡುಗೆಯಲ್ಲಿ ಬ್ಯಾಕ್ಟೀರಿಯ ಬಿಟ್ಟ ವಿಷ. 12ರಿಂದ 48 ಗಂಟೆಗಳ ನಡುವೆ ಒಂದೇ ಪಂಕ್ತಿಯ ಹಲವರಿಗೆ ಆದರೆ ನೊರೊವೈರಸ್ ಇರಬಹುದೆಂದು ಅನುಮಾನಿಸಬೇಕು. ಕಾಮಾಲೆ ಕಾಣಿಸಿಕೊಳ್ಳಲು 15ರಿಂದ 50 ದಿನ ಬೇಕು. ಅಷ್ಟರಲ್ಲಿ ಯಾವ ಊಟ ಎಂಬುದೇ ಮರೆತಿರುತ್ತದೆ. ಕಣ್ಣು ಹಳದಿಯಾಗುವ ಹಿಂದಿನ ಎರಡು ವಾರಗಳಲ್ಲೇ ರೋಗಿಯಿಂದ ಸೋಂಕು ಹೆಚ್ಚು ಹರಡುತ್ತದೆ. ಮಕ್ಕಳಲ್ಲಿ ಹಲವೊಮ್ಮೆ ಕಣ್ಣು ಹಳದಿಯಾಗುವುದೇ ಇಲ್ಲ, ಆದರೂ ಸೋಂಕು ಹರಡುತ್ತಾರೆ.

ಆದ್ದರಿಂದ ತಡೆಯಬೇಕಾದದ್ದು ಕೈಯಲ್ಲಿ. ಶೌಚದ ನಂತರ, ಅಡುಗೆಗೆ ಮುನ್ನ, ಸೋಪು ಹಚ್ಚಿ ಉಗುರಸಂದಿಯವರೆಗೆ ಇಪ್ಪತ್ತು ಸೆಕೆಂಡು ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಕೊರೊನಾ ಕಾಲದ ಸ್ಯಾನಿಟೈಸರನ್ನು ಇಲ್ಲಿ ನಂಬಬೇಡಿ. ಕೊರೊನಾ ವೈರಾಣುವಿಗೆ ಕೊಬ್ಬಿನ ಹೊದಿಕೆ ಇತ್ತು, ಅದು ಕರಗುತ್ತಿತ್ತು. ಆಹಾರಕ್ಕೆ ಬೀಳುವ ಈ ವೈರಾಣುಗಳಿಗೆ ಆ ಹೊದಿಕೆ ಇಲ್ಲ. ವಾಂತಿ ಭೇದಿ ನಿಂತ ಮೇಲೂ 48 ಗಂಟೆ ಯಾರೂ ಅಡುಗೆ, ಬಡಿಸುವ ಕೆಲಸಕ್ಕೆ ಬರಬಾರದು. ಆಮೇಲೂ ಸೋಪಿನ ಶಿಸ್ತು ತಪ್ಪಬಾರದು. ಹೆಪಟೈಟಿಸ್ ಎಗೆ ಲಸಿಕೆ ಇದೆ. ಖಾಯಂ ಅಡುಗೆಯವರಿಗೆ ಹಾಕಿಸುವ ಬಗ್ಗೆ ವೈದ್ಯರನ್ನು ಕೇಳಿ.

ಇಲ್ಲಿ ಒಂದು ಮಾತನ್ನು ಆಡಳಿತ ಮಂಡಳಿಯವರು ಕೇಳಿಸಿಕೊಳ್ಳಬೇಕು. ದಿನಗೂಲಿಯ ಬಾಣಸಿಗರಿಗೆ ಬಾರದ ದಿನದ ಕೂಲಿ ಇಲ್ಲವೆಂದರೆ ಅವರು ಕಾಯಿಲೆ ಮುಚ್ಚಿಟ್ಟುಕೊಂಡೇ ಬರುತ್ತಾರೆ. ಆ ಎರಡು ಮೂರು ದಿನದ ಕೂಲಿ ಕೊಡುವುದು ದಾಸೋಹದ ಖರ್ಚಿನಲ್ಲೇ ಸೇರಬೇಕು. ಶೌಚಾಲಯದ ಬಾಗಿಲಲ್ಲಿ ನಲ್ಲಿ, ಸೋಪು ಇಡುವುದೂ ಅಷ್ಟೇ.

ಕೊನೆಯದಾಗಿ, ಇದನ್ನು ಮಡಿಯ ಮಾತೆಂದು ಯಾರೂ ತಿಳಿಯಬಾರದು. ಮಿಂದು ಮಡಿಯುಟ್ಟವರ ಉಗುರಿನಲ್ಲೂ ವೈರಾಣು ಇರಬಲ್ಲದು. ಅದು ಕುಲ ಕೇಳುವುದಿಲ್ಲ. ಹುಟ್ಟಿನಿಂದ ಬರುವ ಮೈಲಿಗೆಯನ್ನು ಶರಣರು ಒಪ್ಪಲಿಲ್ಲ, ನಾವೂ ಒಪ್ಪುವುದಿಲ್ಲ. ನಾವು ಕೇಳಬೇಕಾದದ್ದು ಯಾರ ಕೈ ಎಂದಲ್ಲ, ಸೋಪಿನಿಂದ ತೊಳೆದ ಕೈಯೇ ಎಂದು ಮಾತ್ರ.