ಉಸಿರಿನ ಕೊನೇ ಮನೆಯ ಕಾವಲುಗಾರ: ಹಟ್ಟಿಯ ಕಲ್ಲುಧೂಳು ಒಳಗ ಹೋದ ಮೇಲೆ ಏನಾಗತೈತಿ?

ಕಳೆದ ವಾರ ಮಸ್ಕಿ ಕಡೆಯಿಂದ ಒಬ್ಬ ಕೇಳುಗರು ಫೋನ್ ಮಾಡಿದ್ರು. ಹತ್ತು ಹದಿನೈದು ವರ್ಷ ಕಲ್ಲು ಒಡೆಯೋ ಕೆಲಸ ಮಾಡಿದವರು. "ತಮ್ಮಾ, ನಾನು ಬೀಡಿ ಮುಟ್ಟಿದವನಲ್ಲ. ಆದ್ರೂ ಗುಡಿ ಮೆಟ್ಟಿಲು ಹತ್ತಾಕ ದಮ್ಮು ಸಾಲವಲ್ದು. ಧೂಳು ಒಳಗ ಹೋದ್ರೆ ಕಫದಾಗ ಹೊರಗ ಬರ್ತೈತಲ್ಲ?" ಅಂತ ಕೇಳಿದ್ರು. ನಾನು ಓದಿದ್ದು ಬಿ.ಕಾಂ., ಡಾಕ್ಟರ್ ಅಲ್ಲ. ಆದ್ರೆ ಆ ಪ್ರಶ್ನೆ ಬಿಡಲಿಲ್ಲ. ಒಂದು ವಾರ ಕೂತು ಓದಿದೆ. ಇವತ್ತಿನ ಮಾತು ಅದೇ.

ಮೊದಲು ನಮ್ಮ ಊರಿನ ಕಲ್ಲಿನ ವಿಷಯ. ಹಟ್ಟಿಯಲ್ಲಿ ಬಂಗಾರ ಸಿಗೋದು ಗಟ್ಟಿಯಾಗಿ ಅಲ್ಲ, ಬೆಣಚುಕಲ್ಲಿನ ಎಳೆಗಳ ಜೊತೆ ಬೆರೆತು. ಬೆಣಚುಕಲ್ಲು ಅಂದ್ರೆ ಕ್ವಾರ್ಟ್ಜ್, ಅಂದ್ರೆ ಸಿಲಿಕಾ. ಕೊರೆದಾಗ, ಸಿಡಿಸಿದಾಗ, ಪುಡಿ ಮಾಡಿದಾಗ ಇದರ ಧೂಳು ಏಳತೈತಿ. ಕಣ್ಣಿಗೆ ಕಾಣೋ ದಪ್ಪ ಧೂಳಿಗೆ ಅಷ್ಟು ಹೆದರಬೇಕಿಲ್ಲ, ಅದನ್ನು ಮೂಗು ಗಂಟಲೇ ಹಿಡೀತಾವೆ. ಹೆದರಬೇಕಾದ್ದು ಕಾಣದೇ ಇರೋ ಧೂಳಿಗೆ. ಎರಡು ಮೈಕ್ರಾನ್ ಗಾತ್ರದ ಒಂದು ಕಣ ತಗೊಳ್ರಿ. ಒಂದು ಮಿಲಿಮೀಟರ್ ಉದ್ದಕ್ಕೆ ಇಂಥವು ಐನೂರು ಸಾಲಾಗಿ ಕೂಡ್ತಾವೆ. ಗಾಳಿ ಆಡದ ಜಾಗದಲ್ಲಿ ಇದು ಸೆಕೆಂಡಿಗೆ ಸುಮಾರು 0.3 ಮಿಲಿಮೀಟರ್ ಮಾತ್ರ ಕೆಳಗ ಇಳೀತೈತಿ. ಆಳೆತ್ತರದಿಂದ ನೆಲ ಮುಟ್ಟಾಕ ಒಂದು ತಾಸಿಗಿಂತ ಹೆಚ್ಚು ಬೇಕು. ಅಂದ್ರೆ ಮಶೀನ್ ನಿಂತು, ಧೂಳು ಕುಂತೈತಿ ಅಂತ ನಾವು ಊಟಕ್ಕೆ ಕೂತಾಗಲೂ ಅದು ಮೂಗಿನ ಮುಂದೆ ತೇಲ್ತಾ ಇರತೈತಿ.

ಈಗ ಆ ಕಣದ ಜೊತೆ ಒಳಗೆ ಹೋಗೋಣ. ಶ್ವಾಸನಾಳದ ಗೋಡೆಗೆ ಅಂಟಂಟಾದ ಲೋಳೆ ಸವರಿರತೈತಿ. ಅದರ ಅಡಿಯಲ್ಲಿ ಸಿಲಿಯಾ ಅನ್ನೋ ಸಣ್ಣ ರೋಮಗಳು ಬಡಿದಾಡ್ತಾ, ಆ ಲೋಳೆಯನ್ನು ಮೇಲಕ್ಕೆ, ಗಂಟಲಿನ ಕಡೆಗೆ ತಳ್ತಾವೆ. ಇಲ್ಲಿ ಸಿಕ್ಕಿಬಿದ್ದ ಧೂಳು ಹೆಚ್ಚಿನಂಶ ಒಂದೆರಡು ದಿನದಲ್ಲಿ ಹೊರಗೆ ಬರತೈತಿ. ನಮ್ಮ ಕೇಳುಗರು ಹೇಳಿದ ಮಾತು ಇಲ್ಲಿವರೆಗೆ ಸರಿ.

ಆದ್ರೆ ಈ ವ್ಯವಸ್ಥೆ ಕೊನೇ ತನಕ ಇಲ್ಲ. ನಾಳಗಳು ಕವಲೊಡೆದು ಕವಲೊಡೆದು ಕೊನೆಗೆ ಗಾಳಿಚೀಲಗಳಲ್ಲಿ ಮುಗೀತಾವೆ. ಆಲ್ವಿಯೋಲೈ ಅಂತ ಹೆಸರು. ಒಂದೊಂದರ ಅಗಲ ಸುಮಾರು 0.2 ಮಿಲಿಮೀಟರ್, ಸಂಖ್ಯೆ ಕೋಟಿಗಟ್ಟಲೆ. ರಕ್ತಕ್ಕೂ ಗಾಳಿಗೂ ನಡುವಿನ ಗೋಡೆ ಇಲ್ಲಿ ಅರ್ಧ ಮೈಕ್ರಾನ್‌ನಷ್ಟು ತೆಳ್ಳಗಿರತೈತಿ. ಇಲ್ಲಿ ಲೋಳೆ ಸವರಿದ್ರೆ ಆಮ್ಲಜನಕ ದಾಟೋದೇ ಕಷ್ಟ. ಅದಕ್ಕೇ ಇಲ್ಲಿ ಲೋಳೆಯೂ ಇಲ್ಲ, ಸಿಲಿಯಾನೂ ಇಲ್ಲ. ನಮ್ಮ ಎರಡು ಮೈಕ್ರಾನ್ ಕಣ ಇಲ್ಲಿಗೆ ಬಂತು ಅಂದ್ರೆ ಉಸಿರಿನ ಓಟ ನಿಂತಿರತೈತಿ. ಹೊರಗೆ ತಾಸುಗಟ್ಟಲೆ ತೇಲಿದ ಕಣ, ಈ ಪುಟ್ಟ ಚೀಲದೊಳಗೆ ಒಂದು ಸೆಕೆಂಡಿನಲ್ಲಿ ಗೋಡೆ ಮುಟ್ಟತೈತಿ.

ಹಂಗಾದ್ರೆ ಅಲ್ಲಿ ಕಾವಲು ಯಾರು? ಆಲ್ವಿಯೋಲಾರ್ ಮ್ಯಾಕ್ರೋಫೇಜ್ ಅನ್ನೋ ಜೀವಕೋಶ. ಇವುಗಳ ಮೂಲ ತಾಯಿ ಹೊಟ್ಟೆಯಲ್ಲಿದ್ದಾಗಿನ ಕೋಶಗಳು. ಹುಟ್ಟಿದ ಹೊಸದರಲ್ಲೇ ಶ್ವಾಸಕೋಶದಲ್ಲಿ ಮನೆ ಮಾಡಿ, ಅಲ್ಲೇ ತಮ್ಮ ಸಂಖ್ಯೆ ಕಾಯ್ದುಕೊಳ್ತಾವೆ. ಕೂತಲ್ಲೇ ಕೂಡೋದಿಲ್ಲ. 2020ರಲ್ಲಿ ಕೆನಡಾದ ಕ್ಯಾಲ್ಗರಿ ವಿಜ್ಞಾನಿಗಳು ಜೀವಂತ ಇಲಿಗಳ ಶ್ವಾಸಕೋಶದಲ್ಲಿ ಇವುಗಳ ಓಡಾಟವನ್ನೇ ಕಂಡು ತೋರಿಸಿದ್ರು. ಚೀಲಗಳಿಗಿಂತ ಕಾವಲುಗಾರರ ಸಂಖ್ಯೆ ಕಡಿಮೆ, ಆದ್ರೆ ನಡುಗೋಡೆಯ ಸಣ್ಣ ಕಿಂಡಿಗಳ ಮೂಲಕ ಒಂದು ಚೀಲದಿಂದ ಇನ್ನೊಂದಕ್ಕೆ ತೆವಳ್ತಾ ಹೋಗ್ತಾವೆ. ಬ್ಯಾಕ್ಟೀರಿಯಾ ಸಿಕ್ರೆ ಸದ್ದಿಲ್ಲದೆ ನುಂಗ್ತಾವೆ, ಉಳಿದ ಸೈನ್ಯಕ್ಕೆ ಕರೆ ಹೋಗೋ ಮೊದಲೇ. ಆ ಸದ್ದಿಲ್ಲದಿರೋದೇ ಮುಖ್ಯ ರೀ. ಪ್ರತಿ ಉಸಿರಿನ ಕಸಕ್ಕೂ ಸೈನ್ಯ ಬಂದು ಬಾವು ತಂದ್ರೆ ಅಷ್ಟು ತೆಳ್ಳನೆ ಗೋಡೆ ಉಳಿಯೋದಿಲ್ಲ.

ನುಂಗಿದ್ದು ಮೊದಲು ಕೋಶದೊಳಗಿನ ಒಂದು ಚೀಲಕ್ಕೆ ಹೋಗತೈತಿ. ಆ ಚೀಲಕ್ಕೆ ಲೈಸೋಸೋಮ್ ಅನ್ನೋ ಇನ್ನೊಂದು ಚೀಲ ಬಂದು ಕೂಡತೈತಿ. ಅದರಲ್ಲಿ ಆಮ್ಲ, ಜೀರ್ಣ ಮಾಡೋ ಕಿಣ್ವಗಳು. ಸಾಮಾನ್ಯ ಬ್ಯಾಕ್ಟೀರಿಯಾ ಅಲ್ಲೇ ಕರಗಿ ಹೋಗತೈತಿ. ಮಸಿ ಕರಗೋದಿಲ್ಲ, ಆದ್ರೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಕಾವಲುಗಾರ ಎಷ್ಟೋ ದಿನ ಬದುಕತೈತಿ. ಸಿಗರೇಟು ಸೇದೋರ ಮ್ಯಾಕ್ರೋಫೇಜ್‌ಗಳು ಸೂಕ್ಷ್ಮದರ್ಶಕದಲ್ಲಿ ಕಪ್ಪು ಕಂದಾಗಿ ಕಾಣೋದು ಅದಕ್ಕೇ.

ಸಿಲಿಕಾ ಹಂಗಲ್ಲ. ಅದು ಕರಗೋದೂ ಇಲ್ಲ, ಸುಮ್ನೆ ಇರೋದೂ ಇಲ್ಲ. ಈಗಷ್ಟೇ ಒಡೆದ ಕಣವಾದ್ರೆ ಅದರ ಮೈ ಇನ್ನೂ ಉಗ್ರ. ಅದು ಆ ಜೀರ್ಣದ ಚೀಲವನ್ನೇ ಹರಿದು ಹಾಕತೈತಿ. ಒಳಗಿನ ಕಿಣ್ವ ಕೋಶದೊಳಗೇ ಚೆಲ್ಲತೈತಿ. ಆಗ ಎನ್‌ಎಲ್‌ಆರ್‌ಪಿ3 ಅನ್ನೋ ಎಚ್ಚರಿಕೆಯ ಗಂಟೆ ಬಾರಿಸಿ, ಬಾವು ತರೋ ಸಂದೇಶಗಳು ಹೊರಡ್ತಾವೆ. ಕಾವಲುಗಾರ ಸಾಯತೈತಿ, ಕಣ ಹೊರಗೆ ಬೀಳತೈತಿ. ಮತ್ತೊಂದು ಮ್ಯಾಕ್ರೋಫೇಜ್ ಬಂದು ಅದೇ ಕಣ ನುಂಗತೈತಿ, ಅದೂ ಸಾಯತೈತಿ. ನಮ್ಮ ಲೆಕ್ಕಪತ್ರದ ಭಾಷೆಯಲ್ಲಿ ಹೇಳಬೇಕಂದ್ರೆ, ಬಾಕಿ ತೀರೋದೇ ಇಲ್ಲ, ವರ್ಷ ವರ್ಷ ಮುಂದಿನ ಖಾತೆಗೆ ಹೋಗತೈತಿ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯೋದು ಇದಕ್ಕೇ. ಪ್ರತಿ ಸಲ ಎದ್ದ ಬಾವಿಗೆ ದೇಹ ಕಲೆ ಕಟ್ಟತೈತಿ. ಆ ಕಲೆ ಸುತ್ತಿ ಸುತ್ತಿ ಗಂಟಾಗತೈತಿ. ಅದೇ ಸಿಲಿಕೋಸಿಸ್.

ಇದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ, ನೂರಕ್ಕೆ ಸುಮಾರು 44 ಜನರಲ್ಲಿ ಸಿಲಿಕೋಸಿಸ್ ಕಂಡಿತ್ತು.

ಈಗ ಮಸ್ಕಿಯ ಅಣ್ಣಾವ್ರ ಕಡೆ ಬರೋಣ. ಅವರಿಗೆ ಎರಡು ವರ್ಷದ ಹಿಂದೆ ಎಕ್ಸ್-ರೇ ನೋಡಿ ಟಿಬಿ ಅಂತ ಗುಳಿಗೆ ಕೊಟ್ಟಿದ್ರಂತೆ. ಏನು ಕೆಲಸ ಮಾಡ್ತಿದ್ರಿ ಅಂತ ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ತೊಡಕು ಇರೋದು ಇಲ್ಲೇ. ಸಿಲಿಕೋಸಿಸ್ ಗಂಟುಗಳು ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲೇ ಕಾಣ್ತಾವೆ, ಟಿಬಿಯೂ ಅಲ್ಲೇ. ಒಂದನ್ನು ಇನ್ನೊಂದು ಅಂದುಕೊಳ್ಳೋದು ಸುಲಭ. ಸಿಲಿಕೋಸಿಸ್‌ಗೆ ಟಿಬಿ ಗುಳಿಗೆ ಕೆಲಸ ಮಾಡೋದಿಲ್ಲ. ಹಂಗಂತ ಟಿಬಿ ಇಲ್ಲ ಅಂತಾನೂ ಬಿಡಂಗಿಲ್ಲ. ಟಿಬಿ ಬ್ಯಾಕ್ಟೀರಿಯಾ ಅಡಗಿ ಕೂಡೋದೇ ಈ ಮ್ಯಾಕ್ರೋಫೇಜ್ ಒಳಗೆ, ಲೈಸೋಸೋಮ್ ಬಂದು ಕೂಡದಂಗೆ ತಡೆದು. ಸಿಲಿಕಾದಿಂದ ಸೋತ ಕಾವಲುಗಾರನ ಮನೆ ಅದಕ್ಕೆ ಇನ್ನೂ ಸಲೀಸು. ಅದಕ್ಕೇ ಸಿಲಿಕಾ ಧೂಳು ಕುಡಿದವರಿಗೆ ಟಿಬಿ ಬರೋ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಎರಡೂ ಒಟ್ಟಿಗೆ ಇರಬಹುದು.

ಹಂಗಾಗಿ ಅವರಿಗೆ ನಾನು ಹೇಳಿದ್ದು ಇಷ್ಟೇ: ಹಳೇ ಎಕ್ಸ್-ರೇ ಎಲ್ಲಾ ತಗೊಂಡು ಹೋಗ್ರಿ. ಯಾವ ವರ್ಷದಿಂದ ಯಾವ ವರ್ಷದವರೆಗೆ ಏನು ಕೆಲಸ, ಒಣ ಕೊರೆತವೋ ನೀರು ಬಿಟ್ಟು ಕೊರೆತವೋ, ಚೀಟಿಯಲ್ಲಿ ಬರೆದು ಡಾಕ್ಟರ್ ಕೈಗೆ ಕೊಡ್ರಿ. ಕಫದ ಪರೀಕ್ಷೆ, ಊದಿಸಿ ನೋಡೋ ಪರೀಕ್ಷೆ ಎರಡೂ ಮಾಡಿಸ್ರಿ.

ಒಮ್ಮೆ ಕಟ್ಟಿದ ಕಲೆ ಕರಗಿಸೋ ಔಷಧ ಇಲ್ಲ. ತಡೆಯೋದು ಕಣ ಹುಟ್ಟೋ ಜಾಗದಲ್ಲೇ ಆಗಬೇಕು: ನೀರು ಬಿಟ್ಟು ಕೊರೆಯೋದು, ಗಾಳಿ ಓಡಾಡೋ ಹಂಗೆ ನೋಡೋದು, ಮುಖಕ್ಕೆ ಸರಿಯಾಗಿ ಕೂಡೋ ಎನ್95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್. ಬಾಯಿಗೆ ಸುತ್ತಿದ ಟವೆಲ್ ದಪ್ಪ ಧೂಳು ತಡೀತೈತಿ, ಎರಡು ಮೈಕ್ರಾನ್ ಕಣಕ್ಕೆ ಅದರ ನೂಲಿನ ಸಂದಿ ಅಗಸಿ ಬಾಗಿಲು ಇದ್ದಂಗ.

ಅಣ್ಣಾವ್ರು ಬರೋ ಸೋಮವಾರ ರಾಯಚೂರಿಗೆ ಹೊಂಟಾರ. ಚೀಟಿ ಬರೆದಿಟ್ಟೀನಿ ಅಂತ ನಿನ್ನೆ ಮತ್ತೆ ಫೋನ್ ಮಾಡಿದ್ರು. ನಿಮ್ಮ ಮನೆಯಲ್ಲೂ ಕಲ್ಲಿನ ಕೆಲಸ ಮಾಡಿ ಬಿಟ್ಟವರು ಇದ್ರೆ, ಇಂಥದೊಂದು ಚೀಟಿ ಬರೆಸಿಡ್ರಿ. ಮುಂದಿನ ವಾರ ಸಿಗೋಣ್ರೀ.