ಚಾರ್ಜ್ ಮುಗಿದ ಮೇಲೂ ನಿಂತ ಗಾಡಿ



ದಿಬ್ಬೂರಹಳ್ಳಿ ಕಡೆ ಯಾರಾದರೂ ವಿದ್ಯುತ್ ಕಾರು ಇಟ್ಟುಕೊಂಡರೆ ಅದು ಚಾರ್ಜ್ ಆಗುವುದು ಬಹುಪಾಲು ಮನೆಯಲ್ಲೇ. ಸಂಜೆ ಹದಿನೈದು ಆಂಪಿಯರ್ ಪ್ಲಗ್ಗಿಗೆ ಹಾಕಿದರೆ ಬೆಳಗಾಗುವ ಹೊತ್ತಿಗೆ ಹೊರಡುವಷ್ಟು ತುಂಬಿರುತ್ತದೆ. ಅಲ್ಲಿ ಯಾರೂ ಕಾಯುವವರಿಲ್ಲ, ಗಾಡಿ ಎಷ್ಟು ಹೊತ್ತು ನಿಂತರೂ ತಕರಾರಿಲ್ಲ. ತೊಡಕು ಶುರುವಾಗುವುದು ದೂರ ಹೊರಟಾಗ. ಶಿಡ್ಲಘಟ್ಟ ದಾಟಿ, ಚಿಕ್ಕಬಳ್ಳಾಪುರದಲ್ಲಿ 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು, ಬೆಂಗಳೂರಿನಲ್ಲಿ ನಾಲ್ಕಾರು ಕಡೆ ಓಡಾಡಿ ಅದೇ ದಿನ ಹಿಂದಿರುಗುವಾಗ ರಸ್ತೆ ಬದಿಯ ಬಂಕಿನಲ್ಲೋ ಹೋಟೆಲಿನ ಅಂಗಳದಲ್ಲೋ ಇರುವ ಫಾಸ್ಟ್ ಚಾರ್ಜರ್ ಬೇಕಾಗುತ್ತದೆ. ಭಾನುವಾರವಾದರೆ ನಂದಿ ಬೆಟ್ಟಕ್ಕೆ, ಆವಲಗುರ್ಕಿಯ ಆದಿಯೋಗಿಯನ್ನು ನೋಡುವುದಕ್ಕೆ ಬಂದವರ ಕಾರುಗಳಿಗೂ ಅದೇ ಚಾರ್ಜರ್ ಬೇಕು. ಈ ಜಾಗದಲ್ಲಿ ಗಾಡಿಯನ್ನು ಹೇಗೆ ನಿಲ್ಲಿಸಬೇಕು, ಎಷ್ಟು ಹೊತ್ತು ನಿಲ್ಲಿಸಬೇಕು, ಅಡ್ಡ ನಿಂತವರನ್ನು ಏನು ಮಾಡಬೇಕು ಎಂಬುದನ್ನು ಇವತ್ತು ನೋಡೋಣ.

ಒಂದು ಲೆಕ್ಕದಿಂದಲೇ ಶುರು ಮಾಡುತ್ತೇನೆ. ಹೆದ್ದಾರಿ ಬದಿಯಲ್ಲಿ 60 ಕಿಲೋವ್ಯಾಟಿನ ಒಂದು ಚಾರ್ಜರ್ ಇದೆ ಎಂದುಕೊಳ್ಳಿ. ಅದಕ್ಕೆ ಎರಡು ಗನ್, ಎದುರಿಗೆ ಎರಡು ಕಾರು ನಿಲ್ಲುವಷ್ಟು ಜಾಗ. ಎರಡೂ ಗನ್ ಕೆಲಸ ಮಾಡುವಾಗ ಒಂದೊಂದಕ್ಕೆ 30 ಕಿಲೋವ್ಯಾಟ್ ಸಿಗುತ್ತದೆ. ಬೆಳಿಗ್ಗೆ 10.30ಕ್ಕೆ 40 ಯೂನಿಟ್ ಹಿಡಿಯುವ ಬ್ಯಾಟರಿಯ ಎರಡು ಕಾರುಗಳು ಶೇಕಡಾ 20ರಷ್ಟು ಚಾರ್ಜ್ ಉಳಿಸಿಕೊಂಡು ಬಂದು ಎರಡು ಗನ್ನುಗಳನ್ನೂ ಹಿಡಿದವು. ಶೇಕಡಾ 80ಕ್ಕೆ ಹೋಗಲು 24 ಯೂನಿಟ್ ಬೇಕು. ಸುಮಾರು ಐವತ್ತು ನಿಮಿಷದ ಕೆಲಸ. 11.20ಕ್ಕೆ ಅವು ಹೊರಡಬಹುದು.

ಆದರೆ ಮೊದಲ ಕಾರಿನವರು ನೂರು ತುಂಬಲಿ ಎಂದು ಊಟಕ್ಕೆ ಹೋದರು. ಎರಡನೆಯವರೂ ಹಾಗೇ ಮಾಡಿದರು. ಇಲ್ಲಿ ಬ್ಯಾಟರಿಯ ಒಂದು ಸ್ವಭಾವ ತಿಳಿದಿರಬೇಕು. ತುಂಬುತ್ತಾ ಬಂದಂತೆ ಒಳಗಿನ ಸೆಲ್‌ಗಳ ಮೇಲೆ ಒತ್ತಡ ಬೀಳದಿರಲಿ ಎಂದು ಕಾರು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. 30 ಕಿಲೋವ್ಯಾಟ್ ಎಳೆಯುತ್ತಿದ್ದದ್ದು 80 ದಾಟಿದ ಮೇಲೆ 15ಕ್ಕೆ, 10ಕ್ಕೆ, ಕೊನೆಗೆ ಇನ್ನೂ ಕಡಿಮೆಗೆ ಇಳಿಯುತ್ತದೆ. ಉಳಿದ 8 ಯೂನಿಟ್ ತುಂಬಲು ಮುಕ್ಕಾಲು ಗಂಟೆ ಹಿಡಿಯಿತು, ಸಮಯ 12.05 ಆಯಿತು. ಅವರು ಊಟ, ಕಾಫಿ, ಫೋಟೋ ಮುಗಿಸಿ ಬಂದಾಗ 12.35.

ಈಗ 10.50ಕ್ಕೆ ಬಂದ ಮೂರನೆಯ ಕಾರನ್ನು ನೆನೆಯಿರಿ. ಮುಂದಿನವರು 80ಕ್ಕೇ ಬಿಟ್ಟಿದ್ದರೆ ಅವರು ಅರ್ಧ ಗಂಟೆ ಕಾಯಬೇಕಿತ್ತು. ಈಗ ಕಾದದ್ದು ಒಂದೂ ಮುಕ್ಕಾಲು ಗಂಟೆ. ಅದರಲ್ಲಿ ಕೊನೆಯ ಅರ್ಧ ಗಂಟೆ ಒಂದು ಯೂನಿಟ್ ವಿದ್ಯುತ್ತೂ ಹರಿಯಲಿಲ್ಲ. ಹಿಟ್ಟಿನ ಮಿಷನ್ನಿನಲ್ಲಿ ರಾಗಿ ಬೀಸಿಯಾದ ಮೇಲೂ ಚೀಲವನ್ನು ಅಲ್ಲೇ ಬಿಟ್ಟು ಸಂತೆಗೆ ಹೋದರೆ ಹಿಂದಿನವರು ಏನೆನ್ನುತ್ತಾರೋ, ಅದೇ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಆದ್ದರಿಂದ ಫಾಸ್ಟ್ ಚಾರ್ಜರಿನಲ್ಲಿ ಮೊದಲ ನಡವಳಿಕೆ ಇದು: ಹಿಂದೆ ಯಾರಾದರೂ ಕಾಯುತ್ತಿದ್ದರೆ 80ಕ್ಕೆ ಗನ್ ಕಳಚಿ ಹೊರಡಬೇಕು. ಯಾರೂ ಇಲ್ಲದಿದ್ದರೆ ನೂರಕ್ಕೆ ಬಿಡುವುದರಲ್ಲಿ ತಪ್ಪೇನಿಲ್ಲ. ಬಾಗೇಪಲ್ಲಿ ದಾಟಿ ಅನಂತಪುರದ ಕಡೆ ಹೋಗುವವರಿಗೆ ಮುಂದೆ ಸಿಗುವ ಚಾರ್ಜರಿನ ಮೇಲೆ ಭರವಸೆ ಇಲ್ಲದಿದ್ದರೆ 90 ಬೇಕಾಗಬಹುದು. ಹಾಗಿದ್ದರೆ ಕಾಯುತ್ತಿರುವವರ ಹತ್ತಿರ ಹೋಗಿ "ಅಣ್ಣಾ, ಮುಂದೆ ದೂರ ಇದೆ, ಇನ್ನೊಂದು ಹದಿನೈದು ನಿಮಿಷ ಆಗ್ತದೆ" ಎಂದು ಹೇಳಿದರೆ ಸಾಕು, ಬಹಳ ಮಂದಿ ಒಪ್ಪುತ್ತಾರೆ. ಕೆಲವು ಬಗೆಯ ಬ್ಯಾಟರಿಗಳಿಗೆ ಆಗಾಗ ನೂರರವರೆಗೆ ಚಾರ್ಜ್ ಮಾಡಿ ಎಂದು ಕಂಪನಿಯವರೇ ಹೇಳುತ್ತಾರೆ. ನಿಜ, ಆದರೆ ಆ ಕೆಲಸವನ್ನು ಮನೆಯ ಪ್ಲಗ್ಗಿನಲ್ಲಿ ಮಾಡಬೇಕು, ಹೆದ್ದಾರಿಯಲ್ಲಲ್ಲ.

ಒಂದೇ ಅಂಗಳದಲ್ಲಿ ನಿಧಾನದ ಎಸಿ ಚಾರ್ಜರೂ ಇರುವ ಕಡೆ ನಿಯಮ ಬೇರೆ. ಮೂರು ಕಿಲೋವ್ಯಾಟ್, ಏಳು ಕಿಲೋವ್ಯಾಟ್ ಕೊಡುವ ಆ ಯಂತ್ರಗಳು ಇರುವುದೇ ಗಂಟೆಗಟ್ಟಲೆ ನಿಲ್ಲುವ ಗಾಡಿಗೆ. ಲಾಡ್ಜಿನಲ್ಲಿ ರಾತ್ರಿ ತಂಗುವವರು, ಮದುವೆಗೆ ಬಂದು ಸಂಜೆಯವರೆಗೆ ಇರುವವರು ಅಲ್ಲಿಗೆ ಹಾಕಬೇಕು. ಇಡೀ ದಿನ ನಿಲ್ಲುವ ಗಾಡಿ ಫಾಸ್ಟ್ ಚಾರ್ಜರ್ ಹಿಡಿದರೆ ಅರ್ಧ ಗಂಟೆಯ ಅವಸರದಲ್ಲಿ ಇರುವವರಿಗೆ ಬೇರೆ ದಾರಿಯೇ ಇರುವುದಿಲ್ಲ.

ಇನ್ನು ಅಡ್ಡ ನಿಲ್ಲಿಸುವ ವಿಚಾರ. ಇದರಲ್ಲಿ ಹೆಚ್ಚಿನವರಿಗೆ ಗೊತ್ತಿರದ ಒಂದು ಸಂಗತಿ ಇದೆ. ಚಾರ್ಜರಿಗೆ ಗೊತ್ತಾಗುವುದು ತನ್ನ ಗನ್ನಿನ ಸ್ಥಿತಿ ಮಾತ್ರ. ಗನ್ ಕಾರಿಗೆ ಸೇರಿದೆಯೇ, ವಿದ್ಯುತ್ ಹರಿಯುತ್ತಿದೆಯೇ, ಹರಿಯುವುದು ನಿಂತು ಗನ್ ಮಾತ್ರ ಸಿಕ್ಕಿಕೊಂಡಿದೆಯೇ ಎಂಬುದನ್ನು ಅದು ನಿಮಿಷ ನಿಮಿಷಕ್ಕೂ ಕಂಪನಿಯ ಸರ್ವರಿಗೆ ಕಳಿಸುತ್ತಿರುತ್ತದೆ. ಎದುರಿನ ನೆಲದ ಮೇಲೆ ಯಾವ ಗಾಡಿ ನಿಂತಿದೆ ಎಂಬುದು ಬಹುಪಾಲು ಯಂತ್ರಗಳಿಗೆ ಕಾಣುವುದಿಲ್ಲ. ಹಾಗಾಗಿ ಡೀಸೆಲ್ ಕಾರೊಂದು ಆ ಜಾಗದಲ್ಲಿ ನಿಂತು ಡ್ರೈವರ್ ಬೀಗ ಹಾಕಿಕೊಂಡು ಹೋಗಿದ್ದರೂ ಮೊಬೈಲ್ ಆ್ಯಪಿನಲ್ಲಿ ಆ ಚಾರ್ಜರ್ ಹಸಿರಾಗಿ, ಖಾಲಿ ಎಂದೇ ತೋರುತ್ತದೆ. ಅದನ್ನು ನಂಬಿ ಶೇಕಡಾ 12 ಉಳಿಸಿಕೊಂಡು ಬಂದವರು ಎದುರಿಗೆ ನಿಂತು ಪೇಚಾಡಬೇಕು. ಹೆದ್ದಾರಿಯ ಎರಡೂ ಬದಿಯಲ್ಲಿ ಪ್ರತಿ 25 ಕಿಲೋಮೀಟರಿಗೆ ಒಂದು ಚಾರ್ಜಿಂಗ್ ನಿಲ್ದಾಣ ಇರಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯ 2022ರ ಮಾರ್ಗಸೂಚಿಯಲ್ಲಿ ಹೇಳಿತ್ತು. ಆ ಗುರಿ ಪೂರ್ತಿ ಈಡೇರಿದ್ದರೂ 12 ಉಳಿದ ಕಾರಿಗೆ ಮುಂದಿನ 25 ಕಿಲೋಮೀಟರ್ ಆತಂಕದ ದಾರಿಯೇ.

ಅಡ್ಡ ನಿಲ್ಲುವವರು ಪೆಟ್ರೋಲ್, ಡೀಸೆಲ್ ಗಾಡಿಯವರು ಮಾತ್ರವಲ್ಲ. 2018ರಿಂದ ವಿದ್ಯುತ್ ವಾಹನಗಳಿಗೆ ಹಸಿರು ನಂಬರ್ ಪ್ಲೇಟ್ ಬಂದಿದೆ. ಸ್ವಂತದ್ದಾದರೆ ಬಿಳಿ ಅಕ್ಷರ, ಬಾಡಿಗೆಯದ್ದಾದರೆ ಹಳದಿ ಅಕ್ಷರ. ಹಾಗಾಗಿ ಒಂದು ನೋಟದಲ್ಲೇ ಯಾವ ಗಾಡಿ ಎಂದು ತಿಳಿಯುತ್ತದೆ. ಆದರೆ ಹಸಿರು ಪ್ಲೇಟ್ ಇರುವುದರಿಂದ ಆ ಜಾಗದಲ್ಲಿ ಸುಮ್ಮನೆ ನಿಲ್ಲುವ ಹಕ್ಕು ಬರುವುದಿಲ್ಲ. ಚಾರ್ಜಿಗೆ ಹಾಕದೆ ನೆರಳಿಗೆಂದು ನಿಂತ ವಿದ್ಯುತ್ ಆಟೊ, ಕಾರಿನ ಜಾಗದ ನಡುವೆ ಸ್ಟ್ಯಾಂಡ್ ಹಾಕಿದ ವಿದ್ಯುತ್ ಸ್ಕೂಟರ್, ಇವುಗಳಿಂದ ಆಗುವ ಅಡಚಣೆ ಡೀಸೆಲ್ ಕಾರಿನಷ್ಟೇ.

ನಿಲ್ಲಿಸುವ ರೀತಿಯೂ ಮುಖ್ಯ. ಕೆಲವು ಕಾರುಗಳಿಗೆ ಚಾರ್ಜಿಂಗ್ ಬಾಯಿ ಮುಂಭಾಗದಲ್ಲಿ, ಕಂಪನಿಯ ಲಾಂಛನದ ಹತ್ತಿರ ಇರುತ್ತದೆ. ಇನ್ನು ಕೆಲವಕ್ಕೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಇರುತ್ತಿದ್ದ ಹಿಂಬದಿಯ ಪಕ್ಕೆಯಲ್ಲಿ. ಮುಂದಿದ್ದರೆ ನೇರ ನುಗ್ಗಿಸಬೇಕು, ಹಿಂದಿದ್ದರೆ ರಿವರ್ಸ್ ತರಬೇಕು. ಇದನ್ನು ಯೋಚಿಸದೆ ನುಗ್ಗಿಸಿದವರು ಕೇಬಲ್ ಸಾಲದೆ ಕಾರನ್ನು ಓರೆಯಾಗಿ ನಿಲ್ಲಿಸುತ್ತಾರೆ, ಪಕ್ಕದ ಜಾಗವೂ ಹೋಗುತ್ತದೆ. ಕಾಯುವವರೂ ಅಷ್ಟೆ, ಜಾಗದ ಬಾಯಿಗೆ ಅಡ್ಡವಾಗಿ ನಿಂತರೆ ಮುಗಿಸಿದವರು ಹೊರಗೆ ಬರಲಾಗುವುದಿಲ್ಲ. ಒಂದು ಕಾರಿನಷ್ಟು ಅಂತರ ಬಿಟ್ಟು, ಹೆದ್ದಾರಿಯ ಅಂಚಿನಲ್ಲಲ್ಲದೆ ಅಂಗಳದ ಒಳಗೇ ಕಾಯಬೇಕು.

ಮುಗಿದ ಮೇಲೂ ಮಾಲೀಕರು ಕಾಣದಿದ್ದರೆ? ಗನ್ನನ್ನು ನಾವೇ ಕೀಳಲಾಗುವುದಿಲ್ಲ. ಅನೇಕ ಕಾರುಗಳು ಅದನ್ನು ಒಳಗಿನಿಂದ ಬೀಗ ಹಾಕಿ ಹಿಡಿದಿರುತ್ತವೆ, ಅವರ ಕೀಲಿಯಿಂದಲೇ ಬಿಡಬೇಕು. ಎಳೆದಾಡಿದರೆ ಕೊಂಡಿ ಮುರಿದು ಆ ಗನ್ ಎಲ್ಲರಿಗೂ ಇಲ್ಲದಾಗುತ್ತದೆ. ಸಿಟ್ಟಿನಲ್ಲಿ ಕೆಂಪು ಎಮರ್ಜೆನ್ಸಿ ಗುಂಡಿಯನ್ನು ಒತ್ತಲೇಬಾರದು. ಅದು ಬೆಂಕಿ, ಹೊಗೆ, ಶಾಕ್ ಅಂಥ ಅಪಾಯಕ್ಕೆ ಇಟ್ಟದ್ದು. ಒತ್ತಿದರೆ ಇಡೀ ಯಂತ್ರವೇ ನಿಲ್ಲುತ್ತದೆ. ಅದರಿಂದ ಎರಡನೆಯ ಗನ್ನಿನಲ್ಲಿರುವವರ ಚಾರ್ಜೂ ನಿಂತು, ಯಂತ್ರವನ್ನು ಮತ್ತೆ ಚಾಲೂ ಮಾಡಲು ಕಂಪನಿಯವರಿಗೇ ಫೋನ್ ಮಾಡಬೇಕಾದೀತು. ಇದಕ್ಕೆಲ್ಲ ಸುಲಭದ ಉಪಾಯ ಗಾಡಿ ಬಿಟ್ಟು ಹೋಗುವವರ ಕೈಯಲ್ಲೇ ಇದೆ. ಒಂದು ಚೀಟಿಯಲ್ಲಿ ಫೋನ್ ನಂಬರ್, "11.20ಕ್ಕೆ ಬರುತ್ತೇನೆ" ಎಂದು ಬರೆದು ಗಾಜಿನ ಒಳಗೆ ಕಾಣುವಂತೆ ಇಟ್ಟು, ಮೊಬೈಲಿನಲ್ಲಿ ಅದೇ ಹೊತ್ತಿಗೆ ಅಲಾರಂ ಇಟ್ಟುಕೊಳ್ಳುವುದು.

ಕಂಪನಿಗಳು ಇದಕ್ಕೆ ಕಂಡುಕೊಂಡ ಮದ್ದು ಸುಮ್ಮನೆ ನಿಂತದ್ದಕ್ಕೆ ಶುಲ್ಕ. ಟೆಸ್ಲಾ ಕಂಪನಿ ತನ್ನ ನಿಲ್ದಾಣಗಳಲ್ಲಿ 2016ರ ಡಿಸೆಂಬರಿನಲ್ಲಿ ಇದನ್ನು ತಂದಿತು. ಚಾರ್ಜ್ ಮುಗಿದು ಐದು ನಿಮಿಷದೊಳಗೆ ಕಾರು ತೆಗೆದರೆ ಶುಲ್ಕವಿಲ್ಲ, ಆಮೇಲೆ ನಿಮಿಷಕ್ಕೆ ಇಷ್ಟು ಎಂದು ಏರುತ್ತದೆ. ನಂತರ ಅದಕ್ಕೆ ಒಂದು ತಿದ್ದುಪಡಿ ಬಂತು: ನಿಲ್ದಾಣ ಅರ್ಧಕ್ಕಿಂತ ಹೆಚ್ಚು ಖಾಲಿ ಇದ್ದರೆ ಶುಲ್ಕ ಇಲ್ಲ, ಪೂರ್ತಿ ತುಂಬಿದ್ದರೆ ದುಪ್ಪಟ್ಟು. ಕಾಯುವವರಿಗೆ ಆಗುವ ನಷ್ಟಕ್ಕೆ ಸರಿಯಾಗಿ ಹೊಂದುವ ನಿಯಮ ಇದೇ ಎಂದು ನನಗನ್ನಿಸುತ್ತದೆ. ಗಡಿಯಾರ ನೋಡಿ ಎಲ್ಲರಿಗೂ ಒಂದೇ ಗಂಟೆ ಎಂದರೆ ದೊಡ್ಡ ಬ್ಯಾಟರಿಯವರಿಗೆ ಸಾಲದು, ಚಿಕ್ಕದರವರು ಮುಗಿದ ಮೇಲೂ ನಿಂತಿರುತ್ತಾರೆ. ಆದರೆ ಆ ಶುಲ್ಕ ಗನ್ ಸಿಕ್ಕಿಸಿದವರಿಗೆ ಮಾತ್ರ ತಟ್ಟುತ್ತದೆ. ಸಿಕ್ಕಿಸದೆ ನಿಂತ ಡೀಸೆಲ್ ಕಾರಿನ ಲೆಕ್ಕ ಯಂತ್ರದಲ್ಲೇ ಇರುವುದಿಲ್ಲವಲ್ಲ.

ಅಲ್ಲಿ ಕಾನೂನು ಬೇಕು. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನ ಪ್ರಕಾರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆ, ಸ್ಥಳೀಯ ಆಡಳಿತದ ಜೊತೆ ಸಮಾಲೋಚಿಸಿ, ವಾಹನಗಳು ಎಲ್ಲಿ ನಿಲ್ಲಬಹುದು ಎಂದು ಗೊತ್ತು ಮಾಡಬಹುದು. ಇಷ್ಟೇ ಹೊತ್ತು ಎಂದು ಕಾಲಮಿತಿಯನ್ನೂ ಹಾಕಬಹುದು. ಹಾಗೆ ಗೊತ್ತುಪಡಿಸಿದ ಸಾರ್ವಜನಿಕ ಜಾಗದಲ್ಲಿ ಅಧಿಕೃತ ಫಲಕ ಇದ್ದರೆ ಅದನ್ನು ಪಾಲಿಸದಿರುವುದು ಅಪರಾಧ. ನಿಷೇಧವಿರುವ ಕಡೆ ಬಿಟ್ಟುಹೋದ ಗಾಡಿಯನ್ನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎಳೆಸಿಹಾಕಲು 127ನೇ ಕಲಮಿನಲ್ಲಿ ಅವಕಾಶವಿದೆ. ಹೋಟೆಲಿನವರು ತಮ್ಮ ಅಂಗಳದಲ್ಲಿ ತಾವೇ ಬರೆಸಿದ ಫಲಕಕ್ಕೆ ಆ ಬಲ ಇಲ್ಲ. ಅಲ್ಲಿ ಮಾಲೀಕರೇ ಕಾವಲುಗಾರನಿಂದ ಹೇಳಿಸಿ ತೆಗೆಸಬೇಕು. ಆದ್ದರಿಂದ ಅಡ್ಡ ನಿಂತ ಗಾಡಿ ಕಂಡರೆ ಖಾಸಗಿ ಅಂಗಳದಲ್ಲಿ ಮೊದಲು ಕೌಂಟರಿಗೆ ಹೋಗಿ ನಂಬರ್ ಹೇಳಿ ಮೈಕಿನಲ್ಲಿ ಕೂಗಿಸಿ. ಸಾರ್ವಜನಿಕ ಜಾಗದಲ್ಲಾದರೆ ಗಾಡಿ, ನೆಲದ ಗುರುತು, ಫಲಕ ಮೂರೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೋ ತೆಗೆದು ಪೊಲೀಸರಿಗೆ ತಿಳಿಸಿ.

ನಾಳೆ ದಿಬ್ಬೂರಹಳ್ಳಿಯ ಬಸ್ ನಿಲ್ದಾಣದ ಹತ್ತಿರವೋ ಪಂಚಾಯಿತಿ ಕಚೇರಿಯ ಮುಂದೆಯೋ ಚಾರ್ಜರ್ ಬಂದರೆ ಫಲಕದಲ್ಲಿ ಏನು ಬರೆಸಬೇಕು? "ವಿದ್ಯುತ್ ವಾಹನಗಳಿಗೆ ಮಾತ್ರ" ಎಂದರೆ ಸಾಲದು, ಚಾರ್ಜಿಗೆ ಹಾಕದ ಆಟೊ ಅಲ್ಲೇ ಮಲಗುತ್ತದೆ. "ಚಾರ್ಜ್ ಆಗುತ್ತಿರುವ ವಾಹನಕ್ಕೆ ಮಾತ್ರ. ಮುಗಿದ ಹತ್ತು ನಿಮಿಷದಲ್ಲಿ ತೆಗೆಯಿರಿ" ಎಂದು ಬರೆಸಬೇಕು. ಕೆಳಗೆ ಯಾವ ಆದೇಶದ ಮೇಲೆ ಈ ಮಿತಿ ಹಾಕಿದೆ ಎಂಬ ಸಂಖ್ಯೆ, ದೂರು ಹೇಳುವ ಫೋನ್ ನಂಬರ್ ಇರಬೇಕು. ನಿಂತ ಕಾರಿನ ಹಿಂದೆ ಮುಚ್ಚಿಹೋಗದಷ್ಟು ಎತ್ತರದಲ್ಲಿ ಫಲಕವನ್ನು ಹಾಕಿಸಬೇಕು. ನೆಲಕ್ಕೆ ಹಸಿರು ಬಣ್ಣ ಬಳಿಸಿ, ಸ್ಕೂಟರ್ ಮತ್ತು ಆಟೊಗಳಿಗೆ ಪಕ್ಕದಲ್ಲೇ ಬೇರೆ ಗೆರೆ ಎಳೆಸಬೇಕು.